‘ಇನ್ನು 15 ನಿಮಿಷ, 3 ಬಾಟಲಿ ಮಾತ್ರ!’: ಕೂದಲೆಣ್ಣೆ ಜಾಹೀರಾತಿನ ಗಡಿಯಾರ ನಿಜವೇ?

ಫೇಸ್‌ಬುಕ್‌ನಲ್ಲೋ ಇನ್‌ಸ್ಟಾಗ್ರಾಂನಲ್ಲೋ ರೀಲ್ಸ್ ನೋಡುತ್ತಿರುವಾಗ ಮಂಡಿಯವರೆಗೆ ಕೂದಲು ಬಿಟ್ಟವರ ವಿಡಿಯೊ ಬರುತ್ತದೆ. ಒಲೆ ಮೇಲೆ ದೊಡ್ಡ ಬಾಣಲೆ, ಅದರಲ್ಲಿ ಸೊಪ್ಪು, ಬೇರುಗಳ ಜೊತೆ ಕುದಿಯುವ ಎಣ್ಣೆ. ಲಿಂಕ್ ಒತ್ತಿದರೆ ಒಂದು ಪುಟ ತೆರೆದುಕೊಳ್ಳುತ್ತದೆ. ಅದರ ತಲೆಯಲ್ಲೇ ಕೆಂಪು ಅಂಕಿಗಳ ಗಡಿಯಾರ 14:59, 14:58 ಎಂದು ಇಳಿಯುತ್ತಿರುತ್ತದೆ. ಕೆಳಗೆ ‘3 ಬಾಟಲಿ ಮಾತ್ರ ಉಳಿದಿವೆ, 47 ಮಂದಿ ಈಗ ಇದೇ ಪುಟ ನೋಡುತ್ತಿದ್ದಾರೆ’ ಎಂಬ ಸಾಲು. ಅಕ್ಕನಿಗೋ ಚಿಕ್ಕಮ್ಮನಿಗೋ ತೋರಿಸೋಣ ಎಂದು ನೀವು ಅದನ್ನು ಮನೆಯ ಗುಂಪಿಗೆ ಫಾರ್ವರ್ಡ್ ಮಾಡುತ್ತೀರಿ. ಮರುದಿನ ಅವರು ತೆರೆದಾಗಲೂ ಗಡಿಯಾರ 14:59 ರಿಂದಲೇ ಶುರುವಾಗುತ್ತದೆ. ಬಾಟಲಿಗಳೂ ಮೂರೇ ಇರುತ್ತವೆ.

ಇದು ನಿಜವೇ? ಚಿಕ್ಕ ಉತ್ತರ ಹೀಗಿದೆ: ನೀವು ಪುಟ ತೆರೆದಾಗಲೆಲ್ಲ ಮೊದಲಿನಿಂದ ಎಣಿಸುವ ಗಡಿಯಾರ ಯಾವ ಆಫರ್‌ನ ಕೊನೆಯನ್ನೂ ತೋರಿಸುತ್ತಿಲ್ಲ. ಅದು ನಿಮ್ಮನ್ನು ಅವಸರಪಡಿಸಲು ಇಟ್ಟ ಚಿತ್ರ ಮಾತ್ರ. ಭಾರತದಲ್ಲಿ 2023ರ ನವೆಂಬರ್ 30ರಿಂದ ಇಂಥ ಸುಳ್ಳು ಅವಸರಕ್ಕೆ ನಿಯಮದಲ್ಲೇ ನಿಷೇಧವಿದೆ. ಇದರಿಂದ ಕೊಳ್ಳುವವರ ಹಣ ಹೋಗುವುದಲ್ಲದೆ, ಮಾರುವವರ ಪೇಜ್, ಜಾಹೀರಾತು ಖಾತೆ, ವಾಟ್ಸ್‌ಆ್ಯಪ್ ನಂಬರ್‌ಗಳಿಗೂ ಪೆಟ್ಟು ಬೀಳುತ್ತದೆ. ಹೇಗೆ ಎಂಬುದನ್ನು ಒಂದೊಂದಾಗಿ ನೋಡೋಣ.

ಹುಣಸೂರಿನ ಎಣ್ಣೆಯನ್ನೇ ಯಾಕೆ ಉದಾಹರಣೆಗೆ ತೆಗೆದುಕೊಳ್ಳಬೇಕು?

‘ಆದಿವಾಸಿ ಹೇರ್ ಆಯಿಲ್’ ಎಂಬ ಹೆಸರು ಈಗ ದೇಶಕ್ಕೆಲ್ಲ ಗೊತ್ತು. ಆ ಹೆಸರಿನ ಮೂಲ ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರ, ಹಕ್ಕಿಪಿಕ್ಕಿ ಸಮುದಾಯದ ಊರು. ಮನೆಯಲ್ಲಿ ವಾಗ್ರಿ ಭಾಷೆ ಮಾತಾಡುವ ಈ ಜನ ಹಿಂದೆ ಹಕ್ಕಿ ಹಿಡಿಯುತ್ತ ಊರೂರು ತಿರುಗುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಆ ಕಸುಬು ನಿಂತಿತು, ಗಿಡಮೂಲಿಕೆ ಮತ್ತು ಎಣ್ಣೆಯ ವ್ಯಾಪಾರ ಬೆಳೆಯಿತು. ಎಣ್ಣೆ, ಮೂಲಿಕೆಗಳನ್ನು ಹೊತ್ತು ಆಫ್ರಿಕಾದ ದೇಶಗಳವರೆಗೂ ಹೋದವರಿದ್ದಾರೆ. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಕಾಳಗ ಶುರುವಾದಾಗ ಅಲ್ಲಿ ಸಿಕ್ಕಿಹಾಕಿಕೊಂಡ ಭಾರತೀಯರಲ್ಲಿ ಕರ್ನಾಟಕದ ಹಕ್ಕಿಪಿಕ್ಕಿಗಳೂ ಇದ್ದದ್ದು ಸುದ್ದಿಯಾಗಿತ್ತು.

ಆಮೇಲೆ ಈ ವ್ಯಾಪಾರ ರೀಲ್ಸ್‌ಗೆ ಬಂತು. ಒಂದೇ ಎಣ್ಣೆಗೆ ಹತ್ತಾರು ಬ್ರ್ಯಾಂಡ್, ಹತ್ತಾರು ಪೇಜ್ ಹುಟ್ಟಿಕೊಂಡವು. ಎಲ್ಲದರ ಹೆಸರಲ್ಲೂ ‘ಆದಿವಾಸಿ’, ಎಲ್ಲದರಲ್ಲೂ ‘108 ಗಿಡಮೂಲಿಕೆ’, ಎಲ್ಲದರಲ್ಲೂ ‘ನಾವೇ ಅಸಲಿ, ನಕಲಿ ಬಗ್ಗೆ ಎಚ್ಚರ’. ಆ ಹೆಸರಲ್ಲಿ ಬರುವ ಪ್ರತಿ ಪುಟವೂ ಪಕ್ಷಿರಾಜಪುರದವರದೇ ಎನ್ನಲಾಗದು. ದೂರದ ಯಾವುದೋ ಊರಲ್ಲಿ ಕುಳಿತವರೂ ಅದೇ ವಿಡಿಯೊ, ಅದೇ ಹೆಸರು ಬಳಸಿ ಪುಟ ಮಾಡಬಹುದು. ಸುಳ್ಳು ಗಡಿಯಾರದ ವಿಷಯ ಇಲ್ಲಿ ಮುಖ್ಯವಾಗುವುದು ಇದಕ್ಕೇ. ಒಂದು ಪುಟ ಮೋಸ ಮಾಡಿದರೆ ಕೊಂಡವರು ಆ ಪುಟದ ಹೆಸರನ್ನು ನೆನಪಿಡುವುದಿಲ್ಲ. ‘ಹುಣಸೂರಿನ ಎಣ್ಣೆ ಮೋಸ’ ಎನ್ನುತ್ತಾರೆ. ಸುಳ್ಳು ಹೇಳದೆ ಮಾರುವ ಮನೆಗೂ ಆ ಮಾತು ತಟ್ಟುತ್ತದೆ.

ಎಣ್ಣೆಯಿಂದ ಕೂದಲು ಬೆಳೆಯುತ್ತದೆಯೇ ಎಂಬುದು ಬೇರೆ ಪ್ರಶ್ನೆ, ಇಲ್ಲಿ ಅದಕ್ಕೆ ಹೋಗುವುದಿಲ್ಲ. ಆದರೆ ಒಂದು ಮಾತು ಈ ವಿಷಯಕ್ಕೂ ಬೇಕು. ತಲೆಗೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಯಾವುದೇ ಉಪಚಾರದಿಂದ ಪ್ರಯೋಜನವಾಯಿತೇ ಎಂದು ತಿಳಿಯಲು ತಿಂಗಳುಗಳೇ ಹಿಡಿಯುತ್ತವೆ. ತಿಂಗಳುಗಟ್ಟಲೆ ಕಾಯಬೇಕಾದ ವಸ್ತುವನ್ನು ಹದಿನೈದು ನಿಮಿಷದಲ್ಲಿ ಕೊಳ್ಳದಿದ್ದರೆ ನಿಮಗೆ ಆಗುವ ನಷ್ಟವೇನು? ಏನೂ ಇಲ್ಲ. ಮತ್ತೆ ಮತ್ತೆ ಕಾಯಿಸಿ ತುಂಬಬಹುದಾದ ಎಣ್ಣೆಗೆ ಈ ಅವಸರ ಎಲ್ಲಿಂದ ಬಂತು ಎಂದು ಕೇಳಿಕೊಂಡರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಸುಳ್ಳು ಗಡಿಯಾರ ಒಳಗೆ ಹೇಗೆ ಕೆಲಸ ಮಾಡುತ್ತದೆ?

ಇದರಲ್ಲಿ ದೊಡ್ಡ ತಂತ್ರವೇನಿಲ್ಲ. ಅಂಗಡಿ ಪುಟ ಕಟ್ಟುವ ಸಾಫ್ಟ್‌ವೇರ್‌ಗಳಿಗೆ ಸೇರಿಸಿಕೊಳ್ಳುವ ಗಡಿಯಾರಗಳು ಸಿದ್ಧವಾಗಿಯೇ ಸಿಗುತ್ತವೆ. ಸುಳ್ಳು ಗಡಿಯಾರದ ಜೀವ ಈ ಒಂದು ಸಾಲಿನಲ್ಲಿದೆ:

```
let end = Date.now() + 15 * 60 * 1000;
```

ಅಂದರೆ ‘ಈಗಿನ ಸಮಯಕ್ಕೆ ಹದಿನೈದು ನಿಮಿಷ ಕೂಡಿಸು, ಅದೇ ಕೊನೆ’. ಈ ‘ಈಗ’ ಎಂಬುದು ನೀವು ಪುಟ ತೆರೆದ ಕ್ಷಣ. ನೀವು ಬೆಳಿಗ್ಗೆ ತೆರೆದರೆ ಬೆಳಿಗ್ಗೆಯಿಂದ, ಪಿರಿಯಾಪಟ್ಟಣದಲ್ಲಿರುವ ನಿಮ್ಮ ಗೆಳೆಯ ರಾತ್ರಿ ತೆರೆದರೆ ರಾತ್ರಿಯಿಂದ ಎಣಿಕೆ. ಆಫರ್ ಎಲ್ಲರಿಗೂ ಒಂದೇ ಆಗಿದ್ದರೆ ಅದರ ಕೊನೆಯೂ ಎಲ್ಲರಿಗೂ ಒಂದೇ ಆಗಿರಬೇಕಲ್ಲವೇ? ನಿಜವಾದ ಗಡಿಯಾರದ ಸಾಲು ಹೀಗಿರುತ್ತದೆ:

```
let end = new Date("2026-01-14T21:00:00+05:30");
```

ಇಲ್ಲಿ ತಾರೀಖು, ಗಂಟೆ ಎರಡೂ ನಿಗದಿಯಾಗಿವೆ. ಯಾರು ಯಾವಾಗ ತೆರೆದರೂ ಜನವರಿ 14ರ ರಾತ್ರಿ 9ಕ್ಕೇ ಅದು ಸೊನ್ನೆಯಾಗುತ್ತದೆ. ‘3 ಬಾಟಲಿ ಉಳಿದಿವೆ’ ಎಂಬ ಸುಳ್ಳು ಸಾಲಿನ ಹಿಂದೆಯೂ ಗೋದಾಮಿನ ಲೆಕ್ಕ ಇರುವುದಿಲ್ಲ. ಎರಡರಿಂದ ಆರರವರೆಗೆ ಒಂದು ಅಂಕಿಯನ್ನು ಕಂಪ್ಯೂಟರೇ ಚೀಟಿ ಎತ್ತಿದಂತೆ ಎತ್ತಿ ತೋರಿಸುತ್ತದೆ:

```
let stock = 2 + Math.floor(Math.random() * 5);
```

ಇದು ನಮ್ಮ ಕಡೆಯ ಸಣ್ಣ ವ್ಯಾಪಾರಿಗಳು ಹುಟ್ಟುಹಾಕಿದ ಚಾಳಿಯಲ್ಲ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಅರುಣೇಶ್ ಮಾಥುರ್ ಮತ್ತು ಸಂಗಡಿಗರು 2019ರಲ್ಲಿ ಸುಮಾರು 11,000 ಶಾಪಿಂಗ್ ವೆಬ್‌ಸೈಟ್‌ಗಳನ್ನು ಪರಿಶೀಲಿಸಿ ವರದಿ ಪ್ರಕಟಿಸಿದರು. 361 ಸೈಟ್‌ಗಳಲ್ಲಿ ಇಳಿಯುವ ಗಡಿಯಾರ ಇತ್ತು. ಅವುಗಳಲ್ಲಿ 140 ಸೈಟ್‌ಗಳ ಗಡಿಯಾರ ಮೋಸದ್ದು. ಸೊನ್ನೆಯಾದ ಮೇಲೆ ಮತ್ತೆ ಶುರುವಾಗುತ್ತಿತ್ತು, ಇಲ್ಲವೇ ಸೊನ್ನೆಯಾದ ಮೇಲೂ ಅದೇ ಬೆಲೆ ಮುಂದುವರಿಯುತ್ತಿತ್ತು.

ನಿಮ್ಮ ಮೊಬೈಲ್‌ನಲ್ಲೇ ಮಾಡಬಹುದಾದ ನಾಲ್ಕು ಪರೀಕ್ಷೆಗಳು

ಮೊದಲನೆಯದು, ಮತ್ತೆ ತೆರೆದು ನೋಡುವುದು. ಗಡಿಯಾರ ಕಾಣುವಂತೆ ಒಂದು ಸ್ಕ್ರೀನ್‌ಶಾಟ್ ತೆಗೆಯಿರಿ. ಐದು ನಿಮಿಷ ಬಿಟ್ಟು ಅದೇ ಲಿಂಕನ್ನು ಬ್ರೌಸರ್‌ನ ಇನ್‌ಕಾಗ್ನಿಟೊ ಟ್ಯಾಬ್‌ನಲ್ಲಿ ತೆರೆಯಿರಿ. ಈ ಟ್ಯಾಬ್‌ನಲ್ಲಿ ನೀವು ಹಿಂದೆ ಬಂದಿದ್ದು ಪುಟಕ್ಕೆ ಗೊತ್ತಾಗುವುದಿಲ್ಲ. ನಿಜವಾದ ಗಡಿಯಾರ ಐದು ನಿಮಿಷ ಮುಂದೆ ಹೋಗಿರಬೇಕು. 15:00 ರಿಂದಲೇ ಶುರುವಾದರೆ ಅದು ಸುಳ್ಳು. ಮನೆಯವರ ಮೊಬೈಲ್‌ನಲ್ಲಿ ತೆರೆದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೂ ಆಯಿತು.

ಎರಡನೆಯದು, ಸೊನ್ನೆಯಾಗಲು ಬಿಡುವುದು. ಗಡಿಯಾರ 00:00 ಮುಟ್ಟಿದ ಮೇಲೆ ಬೆಲೆ ನಿಜವಾಗಿ ಏರಿತೇ ನೋಡಿ. ಬಹಳ ಪುಟಗಳಲ್ಲಿ ಏನೂ ಆಗುವುದಿಲ್ಲ. ಗಡಿಯಾರ ಮಾಯವಾಗುತ್ತದೆ ಇಲ್ಲವೇ ‘ನಿಮಗಾಗಿ ಇನ್ನೂ 10 ನಿಮಿಷ’ ಎಂದು ಮತ್ತೆ ಬರುತ್ತದೆ.

ಮೂರನೆಯದು, ಹತ್ತು ಬಾಟಲಿ ಕೇಳುವುದು. ‘ಮೂರೇ ಉಳಿದಿವೆ’ ಎನ್ನುವ ಪುಟದಲ್ಲಿ ಸಂಖ್ಯೆಯನ್ನು ಹತ್ತಕ್ಕೆ ಏರಿಸಿ. ಹಣ ಕಟ್ಟುವ ಹಂತದವರೆಗೆ ಅದು ಒಪ್ಪಿಕೊಂಡರೆ ಮೂರರ ಮಾತು ಅನುಮಾನದ್ದು. ಇದಕ್ಕೊಂದು ಮಿತಿ ಇದೆ. ಕೆಲವು ಅಂಗಡಿಗಳು ಸರಕು ಮುಗಿದ ಮೇಲೂ ಮುಂಗಡ ಆರ್ಡರ್ ಹಿಡಿಯುತ್ತವೆ. ಹಾಗಿದ್ದರೆ ಪುಟದಲ್ಲಿ ‘ತಡವಾಗಿ ಕಳುಹಿಸುತ್ತೇವೆ’ ಎಂದು ಬರೆದಿರುತ್ತದೆ. ಪರೀಕ್ಷೆ ಮುಗಿದ ಮೇಲೆ ಹಣ ಕಟ್ಟದೆ ಹೊರಬನ್ನಿ.

ನಾಲ್ಕನೆಯದು ಬಹಳ ಜನರಿಗೆ ಗೊತ್ತಿಲ್ಲದ್ದು: ಜಾಹೀರಾತಿನ ವಯಸ್ಸು ನೋಡುವುದು. ಮೆಟಾ ಕಂಪನಿ ತನ್ನ ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ಸದ್ಯ ಓಡುತ್ತಿರುವ ಜಾಹೀರಾತುಗಳನ್ನು ಯಾರು ಬೇಕಾದರೂ ನೋಡಲು ತೆರೆದಿಟ್ಟಿದೆ. facebook.com/ads/library ಗೆ ಹೋಗಿ ದೇಶ, ಜಾಹೀರಾತಿನ ಬಗೆ ಆರಿಸಿ ಆ ಪೇಜ್‌ನ ಹೆಸರು ಹಾಕಿ. ಪ್ರತಿ ಜಾಹೀರಾತಿನ ಮೇಲೆ Started running on ಎಂದು ಒಂದು ತಾರೀಖು ಇರುತ್ತದೆ. ‘ಇಂದು ಒಂದೇ ದಿನ’ ಎನ್ನುವ ಜಾಹೀರಾತು ನಲವತ್ತು ದಿನದಿಂದ ಓಡುತ್ತಿದ್ದರೆ ಬೇರೆ ಸಾಕ್ಷಿ ಬೇಕಿಲ್ಲ.

ವಾಟ್ಸ್‌ಆ್ಯಪ್ ಫಾರ್ವರ್ಡ್‌ಗೆ ಗಡಿಯಾರವೂ ಇರುವುದಿಲ್ಲ. ಅಲ್ಲಿ ಆ ಕೆಲಸ ಮಾಡುವುದು ‘ಇಂದು’ ಎಂಬ ಪದ. ‘ಇಂದು ರಾತ್ರಿ 12ಕ್ಕೆ ಆಫರ್ ಮುಕ್ತಾಯ’ ಎಂಬ ಸಂದೇಶದಲ್ಲಿ ತಾರೀಖೇ ಇಲ್ಲದಿದ್ದರೆ ಅದು ಯಾವತ್ತೂ ಹಳತಾಗುವುದಿಲ್ಲ. ಹೋದ ಯುಗಾದಿಯಲ್ಲಿ ಬರೆದದ್ದು ಈ ದೀಪಾವಳಿಗೂ ‘ಇಂದು’ ಎಂದೇ ಓದಿಸಿಕೊಳ್ಳುತ್ತದೆ. ತಾರೀಖಿಲ್ಲದ ‘ಇಂದು’ ಕಂಡರೆ ಆ ಸಂದೇಶವನ್ನು ಅಲ್ಲೇ ನಿಲ್ಲಿಸಿ.

ಹಾಗಾದರೆ ಎಲ್ಲ ಅವಸರವೂ ಸುಳ್ಳೇ?

ಅಲ್ಲ. ನಮ್ಮ ತಾಲ್ಲೂಕುಗಳಲ್ಲೇ ನಿಜವಾದ ಅವಸರಗಳಿವೆ. ಪಿರಿಯಾಪಟ್ಟಣ ತಾಲ್ಲೂಕಿನ ಕಂಪಲಾಪುರದಲ್ಲಿ ತಂಬಾಕು ಮಂಡಳಿಯ ಹರಾಜು ನಡೆಯುವಾಗ ಒಂದು ಬೇಲ್‌ಗೆ ಬೆಲೆ ಹೇಳಲು ಸಿಗುವ ಹೊತ್ತು ಬಹಳ ಕಡಿಮೆ. ಆದರೆ ಆ ಬೇಲ್ ಎಲ್ಲರ ಕಣ್ಣೆದುರು ಇದೆ, ಒಮ್ಮೆ ಮಾರಾಟವಾದರೆ ಮತ್ತೆ ಬರುವುದಿಲ್ಲ. ಎಚ್.ಡಿ.ಕೋಟೆ ಕಡೆ ಕಬಿನಿ ಸಫಾರಿಗೆ ಹೋಗುವ ವಾಹನಗಳಲ್ಲಿ ಸೀಟು ಇಂತಿಷ್ಟೇ. ‘ನಾಲ್ಕು ಸೀಟು ಉಳಿದಿವೆ’ ಎಂಬುದು ಅಲ್ಲಿ ಲೆಕ್ಕ ತೋರಿಸಬಹುದಾದ ಮಾತು. ಬಸ್ ಟಿಕೆಟ್ ಕಾದಿರಿಸುವಾಗ ಕೆಲವು ನಿಮಿಷಗಳ ಗಡಿಯಾರ ಬರುತ್ತದೆ. ಅದು ನಿಮಗೆ ಪ್ರತಿ ಸಲವೂ ಹೊಸದಾಗಿ ಶುರುವಾಗುತ್ತದೆ, ಆದರೂ ಸುಳ್ಳಲ್ಲ. ನೀವು ಆರಿಸಿದ ಸೀಟನ್ನು ಅಷ್ಟು ಹೊತ್ತು ಬೇರೆಯವರಿಗೆ ಕೊಡದೆ ಹಿಡಿದಿಟ್ಟಿರುತ್ತಾರೆ. ಹೊತ್ತು ಮೀರಿದರೆ ಸೀಟು ನಿಜವಾಗಿಯೂ ಬಿಟ್ಟುಹೋಗುತ್ತದೆ.

ಹಾಗಾಗಿ ಗಡಿಯಾರ ಇದೆ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಮೋಸಗಾರ ಎನ್ನಬೇಡಿ. ಕೇಳಬೇಕಾದ ಪ್ರಶ್ನೆ ಇಷ್ಟೇ: ಈ ಹೊತ್ತು ಮೀರಿದ ಮೇಲೆ ಏನು ಬದಲಾಗುತ್ತದೆ? ಸೀಟು ಹೋಗುವುದಾದರೆ, ಬೆಲೆ ಏರುವುದಾದರೆ, ಸರಕು ಮುಗಿಯುವುದಾದರೆ ಅವಸರ ನಿಜ. ಏನೂ ಬದಲಾಗದಿದ್ದರೆ ಸುಳ್ಳು.

ಕಾನೂನು ಏನು ಹೇಳುತ್ತದೆ?

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ‘ಡಾರ್ಕ್ ಪ್ಯಾಟರ್ನ್’ ತಡೆ ಮಾರ್ಗಸೂಚಿಯನ್ನು ಹೊರಡಿಸಿತು. ಪುಟದ ವಿನ್ಯಾಸದಲ್ಲೇ ಕೊಳ್ಳುವವರನ್ನು ದಾರಿ ತಪ್ಪಿಸುವ ತಂತ್ರಗಳಿಗೆ ಈ ಹೆಸರು. ಅದರಲ್ಲಿ 13 ಬಗೆಯ ತಂತ್ರಗಳ ಪಟ್ಟಿ ಇದೆ, ಮೊದಲನೆಯದೇ ಸುಳ್ಳು ಅವಸರ. ಇರುವುದಕ್ಕಿಂತ ಕಡಿಮೆ ಸರಕು ಇದೆ ಎನ್ನುವುದು, ಇಲ್ಲದ ಬೇಡಿಕೆಯನ್ನು ಇದೆ ಎಂದು ತೋರಿಸುವುದು, ಸುಳ್ಳು ಗಡುವು ಹೇರುವುದು ಎಲ್ಲವೂ ಇದರಡಿ ಬರುತ್ತವೆ. ‘ಎರಡೇ ರೂಮು ಉಳಿದಿವೆ, 30 ಮಂದಿ ಈಗ ನೋಡುತ್ತಿದ್ದಾರೆ’ ಎಂಬಂಥ ಸಾಲನ್ನು ಮಾರ್ಗಸೂಚಿಯೇ ಉದಾಹರಣೆಯಾಗಿ ಕೊಟ್ಟಿದೆ.

‘ಇದೆಲ್ಲ ದೊಡ್ಡ ಕಂಪನಿಗಳಿಗೆ, ನಮಗಲ್ಲ’ ಎಂದು ಸಣ್ಣ ವ್ಯಾಪಾರಿಗಳು ಹೇಳುವುದುಂಟು. ಅದು ತಪ್ಪು ತಿಳಿವಳಿಕೆ. ಮಾರ್ಗಸೂಚಿ ಆನ್‌ಲೈನ್ ವೇದಿಕೆಗಳಿಗೆ ಮಾತ್ರವಲ್ಲ, ಜಾಹೀರಾತು ಕೊಡುವವರಿಗೆ ಮತ್ತು ಮಾರುವವರಿಗೆ ಕೂಡ ಅನ್ವಯಿಸುತ್ತದೆ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮೊದಲ ಸಲ ₹10 ಲಕ್ಷದವರೆಗೆ, ಮತ್ತೆ ಮಾಡಿದರೆ ₹50 ಲಕ್ಷದವರೆಗೆ ದಂಡ ಹಾಕಲು ಅವಕಾಶವಿದೆ.

ಇನ್ನೊಂದು ಕಡೆಯಿಂದಲೂ ನೋಡಬೇಕು. ಸರಕು ನಿಜವಾಗಿಯೂ ಕಡಿಮೆ ಇದ್ದರೆ ಹಾಗೆಂದು ಹೇಳುವುದಕ್ಕೆ ಅಡ್ಡಿಯಿಲ್ಲ. 2022ರ ಜೂನ್‌ನಲ್ಲಿ ಬಂದ ಜಾಹೀರಾತು ಮಾರ್ಗಸೂಚಿಯ ಪ್ರಕಾರ, ಬೇಡಿಕೆಗೆ ಸಾಲದಷ್ಟು ಸರಕು ಇಟ್ಟುಕೊಂಡು ಆಕರ್ಷಕ ಬೆಲೆಯ ಜಾಹೀರಾತು ಕೊಡುವವರು ಸರಕು ಸೀಮಿತ ಎಂದು ಸ್ಪಷ್ಟವಾಗಿ ತಿಳಿಸಲೇಬೇಕು.

ಮಾರುವವರ ಖಾತೆಗೆ ಪೆಟ್ಟು ಬೀಳುವುದು ಹೇಗೆ?

ದಂಡದ ನೋಟಿಸ್ ಹಳ್ಳಿಯ ಮನೆಗೆ ಬರುವ ಮೊದಲೇ ಬೇರೊಂದು ಶಿಕ್ಷೆ ಬರುತ್ತದೆ. ಅದನ್ನು ಕೊಡುವವರು ಕೊಂಡ ಜನರೇ.

ಫೇಸ್‌ಬುಕ್ ಜಾಹೀರಾತಿನ ಮೂಲಕ ಕೊಂಡವರನ್ನು ‘ನೀವು ಕೊಂಡ ಅನುಭವ ಹೇಗಿತ್ತು?’ ಎಂದು ಕೇಳುವ ವ್ಯವಸ್ಥೆಯನ್ನು ಕಂಪನಿ 2018ರಲ್ಲಿ ತಂದಿತು. ಆ ಉತ್ತರಗಳು ಮತ್ತು ದೂರುಗಳಿಂದ ಪೇಜ್‌ಗೆ 0 ರಿಂದ 5ರವರೆಗೆ ಅಂಕ ಕೊಡುವ ಕ್ರಮ ಬಂತು. ಆ ಕ್ರಮದಲ್ಲಿ ಅಂಕ 2ಕ್ಕಿಂತ ಕೆಳಗಿಳಿದರೆ ಅದೇ ಹಣಕ್ಕೆ ಜಾಹೀರಾತು ಕಡಿಮೆ ಜನರನ್ನು ತಲುಪುತ್ತದೆ. 1ಕ್ಕಿಂತ ಕೆಳಗಿಳಿದರೆ ಆ ಪೇಜ್ ಜಾಹೀರಾತನ್ನೇ ಕೊಡುವಂತಿಲ್ಲ. ಇಂಥ ನಿಯಮಗಳ ವಿವರ ಕಾಲಕಾಲಕ್ಕೆ ಬದಲಾಗುತ್ತದೆ, ತತ್ವ ಬದಲಾಗುವುದಿಲ್ಲ. ಇದರ ಜೊತೆಗೆ ಮೋಸದ ವ್ಯಾಪಾರ ಪದ್ಧತಿಯ ಜಾಹೀರಾತುಗಳನ್ನು ಮೆಟಾ, ಗೂಗಲ್ ಎರಡರ ನಿಯಮಗಳೂ ನಿಷೇಧಿಸಿವೆ. ಅಂಥ ಜಾಹೀರಾತನ್ನು ತೆಗೆದುಹಾಕುವುದಷ್ಟೇ ಅಲ್ಲ, ಖಾತೆಯನ್ನೇ ನಿಲ್ಲಿಸಬಹುದು.

ಗಡಿಯಾರಕ್ಕೂ ಈ ಅಂಕಕ್ಕೂ ನಂಟು ಇಲ್ಲಿದೆ. ಗಾಬರಿಯಲ್ಲಿ ಆರ್ಡರ್ ಮಾಡಿದವರು ರಾತ್ರಿ ಮನೆಯಲ್ಲಿ ಮಾತಾಡಿ ಮನಸ್ಸು ಬದಲಿಸುತ್ತಾರೆ. ಪಾರ್ಸೆಲ್ ಬಂದಾಗ ‘ಬೇಡ’ ಎನ್ನುತ್ತಾರೆ. ತೆಗೆದುಕೊಂಡವರು ಮರುವಾರ ಅದೇ ಬೆಲೆಯ ಅದೇ ‘ಕೊನೆಯ ದಿನ’ ಕಂಡು ಸಿಟ್ಟಾಗುತ್ತಾರೆ. ಎಣ್ಣೆ ಚೆನ್ನಾಗಿದ್ದರೂ ಅವರ ಉತ್ತರ ಕೆಟ್ಟದಾಗಿರುತ್ತದೆ.

ವಾಟ್ಸ್‌ಆ್ಯಪ್‌ನಲ್ಲೂ ಇದೇ ಕಥೆ. ‘ಕೊನೆಯ 2 ಗಂಟೆ’ ಎಂದು ದಿನಾ ಸಂದೇಶ ಕಳುಹಿಸಿದರೆ ಜನ ಬ್ಲಾಕ್ ಮಾಡುತ್ತಾರೆ, ರಿಪೋರ್ಟ್ ಮಾಡುತ್ತಾರೆ. ರಿಪೋರ್ಟ್ ಒತ್ತಿದಾಗ ಆ ನಂಬರ್‌ನಿಂದ ಬಂದ ಕೊನೆಯ ಐದು ಸಂದೇಶಗಳು ವಾಟ್ಸ್‌ಆ್ಯಪ್‌ಗೆ ಹೋಗುತ್ತವೆ. ಭಾರತದಲ್ಲಿ ತಿಂಗಳು ತಿಂಗಳೂ ಲಕ್ಷಗಟ್ಟಲೆ ಖಾತೆಗಳನ್ನು ಬಂದ್ ಮಾಡುತ್ತಿರುವುದನ್ನು ಆ ಕಂಪನಿಯೇ ತನ್ನ ಮಾಸಿಕ ವರದಿಗಳಲ್ಲಿ ತಿಳಿಸುತ್ತ ಬಂದಿದೆ. ಮನೆಯಿಂದಲೇ ವ್ಯಾಪಾರ ಮಾಡುವವರಿಗೆ ಆ ಒಂದು ನಂಬರ್ರೇ ಅಂಗಡಿ. ಬಾಟಲಿಯ ಚೀಟಿಯ ಮೇಲೆ ಅಚ್ಚಾದದ್ದೂ ಅದೇ ನಂಬರ್, ಹಳೆಯ ಗಿರಾಕಿಗಳು ಉಳಿಸಿಕೊಂಡದ್ದೂ ಅದೇ. ಅದು ಬಂದ್ ಆದರೆ ಅಂಗಡಿಗೆ ಬೀಗ ಬಿದ್ದಂತೆ.

ಒಂದು ಲೆಕ್ಕ ಹಾಕಿ ನೋಡೋಣ

‘ಗಡಿಯಾರ ಇಟ್ಟರೆ ಆರ್ಡರ್ ಹೆಚ್ಚು ಬರುತ್ತದೆ’ ಎಂಬ ಮಾತಿದೆ. ಬರಬಹುದು. ಆದರೆ ಆರ್ಡರ್ ಬಂದಾಕ್ಷಣ ಹಣ ಬಂದಂತಲ್ಲ, ಅದರಲ್ಲೂ ಮನೆಬಾಗಿಲಲ್ಲಿ ಹಣ ಪಡೆಯುವ ಕ್ಯಾಶ್ ಆನ್ ಡೆಲಿವರಿ ವ್ಯಾಪಾರದಲ್ಲಿ. ಕೆಳಗಿನ ಅಂಕಿಗಳು ಲೆಕ್ಕ ತಿಳಿಯಲು ಇಟ್ಟುಕೊಂಡವು. ವ್ಯಾಪಾರ ಮಾಡುವವರು ತಮ್ಮ ಅಂಕಿ ಹಾಕಿಕೊಂಡು ನೋಡಬೇಕು.

ಒಂದು ಬಾಟಲಿ ತಲುಪಿ ಹಣ ಬಂದರೆ, ಎಣ್ಣೆ, ಪ್ಯಾಕಿಂಗ್, ಕೊರಿಯರ್ ಖರ್ಚು ಕಳೆದು ₹250 ಉಳಿಯುತ್ತದೆ ಎಂದಿಟ್ಟುಕೊಳ್ಳಿ. ಪಾರ್ಸೆಲ್ ವಾಪಸ್ ಬಂದರೆ ಹೋಗಿ ಬರುವ ಕೊರಿಯರ್, ಹಾಳಾದ ಪ್ಯಾಕಿಂಗ್ ಸೇರಿ ₹160 ಕೈಬಿಡುತ್ತದೆ. ಜಾಹೀರಾತಿಗೆ ಎರಡೂ ಸಲ ₹5,000 ಖರ್ಚು.

ಸುಳ್ಳು ಗಡಿಯಾರ ಇಟ್ಟಾಗ 100 ಆರ್ಡರ್ ಬಂದವು, 40 ವಾಪಸಾದವು. ತಲುಪಿದ 60ರಿಂದ ₹15,000. ವಾಪಸಾದ 40ರಿಂದ ನಷ್ಟ ₹6,400. ಜಾಹೀರಾತಿನ ₹5,000 ಕಳೆದರೆ ಉಳಿದದ್ದು ₹3,600.

ಗಡಿಯಾರ ತೆಗೆದು, ಬೆಲೆ ಮತ್ತು ತಲುಪುವ ದಿನವನ್ನು ನೇರವಾಗಿ ಬರೆದಾಗ 72 ಆರ್ಡರ್ ಬಂದವು, 9 ವಾಪಸಾದವು. ತಲುಪಿದ 63ರಿಂದ ₹15,750. ವಾಪಸಾದ 9ರಿಂದ ನಷ್ಟ ₹1,440. ಜಾಹೀರಾತಿನ ಖರ್ಚು ಕಳೆದರೆ ಉಳಿದದ್ದು ₹9,310.

ಆರ್ಡರ್ 28 ಕಡಿಮೆ, ಉಳಿದ ಹಣ ಎರಡೂವರೆ ಪಟ್ಟು. ವಾಪಸಾತಿ ಇಷ್ಟು ಇಳಿಯದಿದ್ದರೆ ಲೆಕ್ಕವೂ ಇಷ್ಟು ಚೆನ್ನಾಗಿರುವುದಿಲ್ಲ. ಮುಂಗಡ ಹಣ ಪಡೆದೇ ಕಳುಹಿಸುವವರಿಗೆ ವಾಪಸಾತಿಯ ಪೆಟ್ಟು ಕಡಿಮೆ, ದೂರಿನ ಪೆಟ್ಟು ಹೆಚ್ಚು. ಹಾಗಾಗಿ ನೋಡಬೇಕಾದ ಅಂಕಿ ಎಷ್ಟು ಆರ್ಡರ್ ಬಂತು ಎಂಬುದಲ್ಲ. ಎಷ್ಟು ಪಾರ್ಸೆಲ್ ನಿಂತಿತು, ಎರಡನೇ ಬಾಟಲಿಗೆ ಎಷ್ಟು ಜನ ಮತ್ತೆ ಫೋನ್ ಮಾಡಿದರು ಎಂಬುದು.

ನೇರವಾದ ಆಫರ್ ಹೇಗಿರುತ್ತದೆ?

ಎಣ್ಣೆ ಬಾಣಲೆಯಲ್ಲಿ ಕಾಯಿಸುವ ಸರಕು. ಒಂದು ಸಲಕ್ಕೆ ಇಂತಿಷ್ಟೇ ತುಂಬಬಹುದು ಎಂಬುದು ನಿಜವಾದ ಮಿತಿ. ಆ ಮಿತಿಯನ್ನೇ ಹೇಳಿದರೆ ಸಾಕು. ಉದಾಹರಣೆಗೆ:

‘ಈ ಸಲ ಕಾಯಿಸಿದ್ದು 120 ಬಾಟಲಿ. ಜನವರಿ 14ರ ರಾತ್ರಿ 9ರವರೆಗೆ ₹899, ಆಮೇಲೆ ₹999. ಮುಗಿದರೆ ಮುಂದಿನ ಸಲ ಕಾಯಿಸುವುದು ಜನವರಿ 22ಕ್ಕೆ, ಆಗ ಬೆಲೆ ₹999.’

ಇದರಲ್ಲಿ ಅವಸರವೂ ಇದೆ, ಆದರೆ ಪ್ರತಿ ಮಾತನ್ನೂ ಪರೀಕ್ಷಿಸಬಹುದು. ತಾರೀಖು ಇದೆ, ಗಂಟೆ ಇದೆ, ಆಮೇಲಿನ ಬೆಲೆ ಇದೆ, ಈ ಸಲ ಸಿಗದವರಿಗೆ ಮುಂದಿನ ದಿನವೂ ಇದೆ. ಕಷ್ಟವಿರುವುದು 15ನೇ ತಾರೀಖಿನ ಬೆಳಿಗ್ಗೆ. ಇನ್ನೂ 50 ಬಾಟಲಿ ಉಳಿದಿದ್ದರೂ ಅಂದು ₹999 ಎಂದೇ ಹೇಳಬೇಕು. ‘ಗ್ರಾಹಕರ ಒತ್ತಾಯದ ಮೇರೆಗೆ ಆಫರ್ ವಿಸ್ತರಣೆ’ ಎಂದು ಬರೆದರೆ 14ರಂದು ಹೇಳಿದ್ದು ಸುಳ್ಳಾಯಿತು. ಮುಂದಿನ ಸಲ ಯಾರೂ ನಿಮ್ಮ ತಾರೀಖನ್ನು ನಂಬುವುದಿಲ್ಲ. ಕೊಟ್ಟ ಗಡುವನ್ನು ಪಾಲಿಸಲು ಆಗದು ಎನಿಸಿದರೆ ಗಡುವನ್ನೇ ಕೊಡದಿರುವುದು ಒಳ್ಳೆಯದು.

ಈಗಾಗಲೇ ಹಣ ಕೊಟ್ಟಿದ್ದರೆ

ಕೆ.ಆರ್.ನಗರದಲ್ಲಿರುವ ನಿಮ್ಮ ಸಂಬಂಧಿಕರೊಬ್ಬರು ಗಡಿಯಾರ ನೋಡಿ ₹999 ಕಟ್ಟಿದ್ದಾರೆ ಎಂದುಕೊಳ್ಳಿ. ಮೊದಲು ಪುಟದ ಸ್ಕ್ರೀನ್‌ಶಾಟ್, ಗಡಿಯಾರ ಮತ್ತೆ ಶುರುವಾದದ್ದರ ಸ್ಕ್ರೀನ್‌ಶಾಟ್, ಹಣ ಕಟ್ಟಿದ ರಸೀದಿ ಮೂರನ್ನೂ ಇಟ್ಟುಕೊಳ್ಳಲಿ. ಮಾರಿದವರಿಗೆ ಬರಹದಲ್ಲೇ ಹಣ ವಾಪಸ್ ಕೇಳಲಿ. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, consumerhelpline.gov.in ನಲ್ಲೂ ದೂರು ಕೊಡಬಹುದು. ಸಹಾಯವಾಣಿ ಇಬ್ಬರ ನಡುವೆ ಮಾತಾಡಿಸುತ್ತದೆ, ತೀರ್ಪು ಕೊಡುವುದಿಲ್ಲ. ತೀರ್ಪು ಬೇಕಾದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬೇಕು. ಮಾರಿದವರು ಯಾವ ರಾಜ್ಯದಲ್ಲಿದ್ದರೂ ದೂರುದಾರರು ವಾಸವಿರುವ ಜಿಲ್ಲೆಯಲ್ಲೇ, ಅಂದರೆ ಮೈಸೂರಿನಲ್ಲೇ ದೂರು ಹಾಕಲು 2019ರ ಕಾಯ್ದೆ ಅವಕಾಶ ಕೊಟ್ಟಿದೆ. ಕೊಟ್ಟ ಹಣ ₹5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ.

ಹಣ ಪಡೆದು ವಸ್ತುವನ್ನೇ ಕಳುಹಿಸದೆ ನಂಬರ್ ಸ್ವಿಚ್ ಆಫ್ ಮಾಡಿದ್ದರೆ ಅದು ಸೈಬರ್ ವಂಚನೆ. ತಡ ಮಾಡದೆ 1930ಕ್ಕೆ ಕರೆ ಮಾಡಿ. ಇಲ್ಲಿ ಮಾತ್ರ ಅವಸರ ನಿಜವಾದದ್ದು. ಹಣ ಮೋಸಗಾರರ ಖಾತೆಯಿಂದ ಮುಂದೆ ಹೋಗುವ ಮೊದಲು ತಡೆಹಿಡಿಯಲು ಮೊದಲ ಕೆಲವು ಗಂಟೆಗಳೇ ಮುಖ್ಯ.

ಫಾರ್ವರ್ಡ್ ಮಾಡುವ ಮುನ್ನ

ಅಪರಿಚಿತ ಪುಟ ತೋರಿಸಿದ ಜಾಹೀರಾತನ್ನು ಜನ ಅನುಮಾನದಿಂದ ನೋಡುತ್ತಾರೆ. ಅದನ್ನೇ ನೀವು ಕಳುಹಿಸಿದರೆ ‘ನಮ್ಮವರೇ ಕಳುಹಿಸಿದ್ದಾರೆ’ ಎಂದು ನಂಬುತ್ತಾರೆ. ಆ ಪುಟಕ್ಕೆ ಇಲ್ಲದ ನಂಬಿಕೆಯನ್ನು ನೀವು ನಿಮ್ಮ ಹೆಸರಿನಿಂದ ಕೊಟ್ಟಂತಾಗುತ್ತದೆ. ಆಫರ್ ಸಂದೇಶ ಬಂದರೆ ಮೂರು ವಿಷಯ ನೋಡಿ: ಅದರಲ್ಲಿ ತಾರೀಖು ಇದೆಯೇ, ಗಡುವು ಮೀರಿದ ಮೇಲಿನ ಬೆಲೆ ಬರೆದಿದೆಯೇ, ಲಿಂಕನ್ನು ಇನ್‌ಕಾಗ್ನಿಟೊದಲ್ಲಿ ಎರಡನೇ ಸಲ ತೆರೆದಾಗ ಗಡಿಯಾರ ಮುಂದೆ ಹೋಗಿದೆಯೇ. ಮೂರಕ್ಕೂ ಹೌದು ಎಂದಾದರೆ ಕಳುಹಿಸಿ. ಒಂದಕ್ಕಾದರೂ ಇಲ್ಲ ಎಂದಾದರೆ ನಾಳೆಯವರೆಗೆ ಕಾಯಿರಿ. ಸುಳ್ಳು ಆಫರ್ ಆಗಿದ್ದರೆ ಅದು ನಾಳೆಯೂ ಅಲ್ಲೇ ಇರುತ್ತದೆ, ಮೂರೇ ಬಾಟಲಿಗಳೊಂದಿಗೆ.